ಬೂದು ವೇಸ್ಟ್‌ಕೋಟಿನ ಒಳಗಿನ ಅಂಗಿ

ನಮ್ಮ ಭಾವನ ಮೇಲೆ ನನಗೆ ಪ್ರೀತಿಯೂ ಇದೆ, ಸಿಟ್ಟೂ ಇದೆ. ಯಾವುದು ಹೆಚ್ಚು ಅನ್ನುವುದು ಆ ದಿನ ನಾನು ಎಷ್ಟು ಕಾಜಾ ಹಾಕಿದ್ದೇನೆ ಅನ್ನುವುದರ ಮೇಲೆ ನಿಂತಿದೆ. ಹದಿನೆಂಟು ವರ್ಷದಿಂದ ಅವರ ಹೊಲಿಗೆ ಅಂಗಡಿಯಲ್ಲಿ ಗುಂಡಿಯ ತೂತಿಗೆ ಕಾಜಾ ಹಾಕುವವಳು, ಗುಂಡಿ ಹಚ್ಚುವವಳು ನಾನು. ಅಕ್ಕನ ಗಂಡ ಅನ್ನುವ ಒಂದೇ ಕಾರಣಕ್ಕೆ ಸಹಿಸಿಕೊಂಡಿದ್ದೇನೆ. ಬೇರೆಯವರಾಗಿದ್ದರೆ ಸೂಜಿಯನ್ನು ಬೇರೆ ಕಡೆ ಚುಚ್ಚುತ್ತಿದ್ದೆ.

ಊರಿನವರು ಅವರನ್ನು ಟೇಪು ಮಾಸ್ತರ್ ಎನ್ನುತ್ತಾರೆ. ಅಳತೆಯ ಟೇಪು ಸದಾ ಕೊರಳಲ್ಲೇ. ಒಮ್ಮೆ ಅದನ್ನು ಹಾಕಿಕೊಂಡೇ ಸ್ನಾನ ಮಾಡಿ ಬಂದಿದ್ದರು. ಎದುರಿಗೆ ಬಂದವರ ಮುಖ ಅವರಿಗೆ ನೆನಪಿರುವುದಿಲ್ಲ, ಭುಜ ನೆನಪಿರುತ್ತದೆ. "ಎಡಭುಜ ಇಳಿದಿರೋರು ಬಂದಿದ್ರು" ಎಂದರೆ ಯಾರು ಎಂದು ನಾವೇ ಹುಡುಕಿಕೊಳ್ಳಬೇಕು. ಅಂಗಡಿಯ ಗೋಡೆಯ ಮೇಲೆ ಅವರೇ ಬಣ್ಣದಲ್ಲಿ ಬರೆದ ಫಲಕ ಒಂದಿದೆ: "ಉಳಿದ ಬಟ್ಟೆಯನ್ನು ತಪ್ಪದೆ ಹಿಂದಿರುಗಿಸಲಾಗುವುದು." ಅದನ್ನು ಓದಿಯೇ ಗಿರಾಕಿಗಳು ಅರ್ಧ ಸೋಲುತ್ತಿದ್ದರು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ದರ್ಜಿಯ ಮೇಲೆ ಗಾದೆ ಕಟ್ಟುವುದಕ್ಕೆ ನಮ್ಮವರಿಗೆ ಯಾಕೋ ಪುರುಸೊತ್ತಾಗಲಿಲ್ಲ, ಅದರ ಲಾಭ ಭಾವನಿಗೆ ಸಿಕ್ಕಿತು.

ಅವರ ಒಬ್ಬಳೇ ಮಗಳ ಮದುವೆ ನಿಶ್ಚಯವಾದದ್ದು ಹೆಡ್‌ಮಾಸ್ಟರರ ಮನೆಗೆ. ಹುಡುಗ ಒಳ್ಳೆಯವನು, ಹುಡುಗನ ಅಪ್ಪ ಅತಿ ಒಳ್ಳೆಯವರು. ಅದೇ ಕಷ್ಟ. ಮೂವತ್ತು ವರ್ಷ ಶಾಲೆ ನಡೆಸಿ, ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಹೆಸರು ಮಾಡಿದ ಮನುಷ್ಯ. ಸಂಬಂಧ ಒಪ್ಪಿಕೊಂಡ ದಿನ ಅವರು ಗೋಡೆಯ ಫಲಕಕ್ಕೆ ಬೆರಳು ತೋರಿಸಿ, "ಇದನ್ನ ನೋಡಿಯೇ ನಾನು ಈ ಮನೆ ಹುಡುಗಿ ಆಗಬಹುದು ಅಂದಿದ್ದು ಬೀಗರೇ" ಎಂದರು. ಭಾವ ನಕ್ಕರು. ಆ ನಗು ಪೂರ್ತಿ ಬಾಯಿಗೆ ಬರಲಿಲ್ಲ ಎಂದು ಆಗಲೇ ನಾನು ಗಮನಿಸಬೇಕಿತ್ತು.

ಮದುವೆಯ ಊಟ ಮಧ್ಯಾಹ್ನ. ಬೇಸಿಗೆ. ಕೋಟು ಬೇಡ, ಎರಡೂ ಮನೆಯ ಗಂಡಸರು ಬಿಳಿ ಅಂಗಿಯ ಮೇಲೆ ವೇಸ್ಟ್‌ಕೋಟ್ ಹಾಕಿದರೆ ಸಾಕು, ಲಕ್ಷಣವಾಗಿರುತ್ತದೆ ಎಂದು ಭಾವನೇ ಸೂಚಿಸಿದರು. ಬೀಗರ ಕಡೆ ಆರು, ನಮ್ಮ ಕಡೆ ಅವರದ್ದೊಂದು. ಎಲ್ಲಕ್ಕೂ ಒಂದೇ ಬೂದು ಬಣ್ಣದ ಬಟ್ಟೆ. ಬೆನ್ನಿಗೆ ನುಣುಪಾದ ಲೈನಿಂಗ್ ಬಟ್ಟೆ, ಅದರ ಮೇಲೆ ಬಿಗಿ ಮಾಡಲು ಪುಟ್ಟ ಬಕಲ್ ಇರುವ ಪಟ್ಟಿ. ಒಂದೊಂದಕ್ಕೆ ಐದು ಗುಂಡಿ, ಅಂದರೆ ನನಗೆ ಮೂವತ್ತೈದು ಕಾಜಾ. ಲೆಕ್ಕ ಹಾಕಿದವಳು ನಾನೇ.

ಟ್ರಯಲ್ ದಿನ, ದೂರದ ಊರಿನಿಂದ ಇನ್ನೂ ಬರಬೇಕಿದ್ದ ಒಬ್ಬರನ್ನು ಬಿಟ್ಟು, ಉಳಿದ ಐವರನ್ನು ಕನ್ನಡಿಯ ಮುಂದೆ ಸಾಲಾಗಿ ನಿಲ್ಲಿಸಿ ಭಾವ ಪಾಠ ಮಾಡಿದರು. ಹೆಡ್‌ಮಾಸ್ಟರಿಗೇ ಪಾಠ ಮಾಡುವ ಅವಕಾಶ ಜನ್ಮಕ್ಕೊಂದು ಸಲ ಸಿಗುವಂಥದ್ದು.

"ಕೊನೇ ಗುಂಡಿ ಹಾಕಬೇಡಿ. ಹಾಕಿದ್ರೆ ಕೂತಾಗ ಎಳೆಯುತ್ತೆ, ಹೊಟ್ಟೆ ಮೇಲೆ ಮಡಿಕೆ ಬೀಳುತ್ತೆ. ದಪ್ಪ ಬಕಲಿನ ಬೆಲ್ಟ್ ಬೇಡ, ಕೆಳಗೆ ಗೆಡ್ಡೆ ಎದ್ದ ಹಾಗೆ ಉಬ್ಬುತ್ತೆ. ಪ್ಯಾಂಟ್ ಸೊಂಟದ ಮೇಲೇ ನಿಲ್ಲಬೇಕು, ವೇಸ್ಟ್‌ಕೋಟ್ ಅದರ ಪಟ್ಟಿ ಮುಚ್ಚಬೇಕು. ಮಧ್ಯದಲ್ಲಿ ಅಂಗಿ ಇಣುಕಿದ್ರೆ ನನ್ನ ಮಾನ ಇಣುಕಿದ ಹಾಗೆ."

"ಅಂಗಿ ತುಂಬು ತೋಳಿಂದೇ ಆಗಬೇಕೇನ್ರೀ? ನನ್ನ ನೀಲಿ ಗೆರೆ ಅಂಗಿ ಇದೆ, ಅರ್ಧ ತೋಳಿಂದು" ಎಂದು ಕೇಳಿದರು ಹೆಡ್‌ಮಾಸ್ಟರು.

"ಬೇಡ, ಬೇಡ. ಅರ್ಧ ತೋಳಿನ ಮೇಲೆ ವೇಸ್ಟ್‌ಕೋಟ್ ಹಾಕಿದ್ರೆ ಕೆಲಸದ ಮಧ್ಯೆ ಎದ್ದು ಬಂದ ಹಾಗಿರುತ್ತೆ. ಬಿಳಿ, ತುಂಬು ತೋಳು. ಸೆಕೆ ಆದ್ರೆ ಬೆನ್ನಿನ ಪಟ್ಟಿ ಸಡಿಲ ಮಾಡ್ಕೊಳ್ಳಿ. ಬಿಚ್ಚೋದು ಮಾತ್ರ ಬೇಡ. ಊಟದ ಮಧ್ಯೆ ವೇಸ್ಟ್‌ಕೋಟ್ ಬಿಚ್ಚಿದವನು ಆಮೇಲೆ ಏನು ಬೇಕಾದ್ರೂ ಬಿಚ್ಚಬಹುದು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನನಗೆ ಬುದ್ಧಿ ಕಡಿಮೆ.

ಮದುವೆಗೆ ಮೂರು ದಿನ ಇರುವಾಗ ಆ ಆರನೆಯವರು, ಹುಡುಗನ ಸೋದರಮಾವ, ಬಂದಿಳಿದರು. ಬೀರುವಿನಷ್ಟು ಅಗಲದ ಮನುಷ್ಯ. ಬಿಳಿ ಅಂಗಿ ತರುವುದು ಮರೆತಿದ್ದರು. ಭಾವ ಹಿಂದೆಮುಂದೆ ನೋಡದೆ ತಮಗಾಗಿ ಎತ್ತಿಟ್ಟಿದ್ದ ಬಿಳಿ ಬಟ್ಟೆಯನ್ನು ಅವರಿಗೆ ಕತ್ತರಿಸಿದರು. ಊರಿಗೆ ಉಪಕಾರಿ. ಆ ಹೊಟ್ಟೆ, ಆ ಬೆನ್ನು ನುಂಗಿ ಉಳಿದದ್ದು ಎರಡು ತೋಳು, ಒಂದು ಕಾಲರ್, ಕಫ್‌ಗಳು ಮತ್ತು ಎದೆಗೆ ಒಂದು ಗೇಣು ಆಗುವಷ್ಟು ಬಟ್ಟೆ.

"ಈಗ ನಿಮಗೆ?" ಎಂದೆ.

"ನೋಡೋಣ ಬಿಡು."

ನೋಡೋಣ ಬಿಡು ಎನ್ನುತ್ತಾ ಎರಡು ದಿನ ಬೇರೆಯವರ ಪ್ಯಾಂಟಿನ ಕಾಲು ಮಡಿಸುತ್ತಾ ಕೂತರು. ಮದುವೆಯ ಹಿಂದಿನ ದಿನ ಬೆಳಿಗ್ಗೆ ಬಟ್ಟೆ ಅಂಗಡಿಗೆ ಹೋದರೆ ಬಾಗಿಲಿಗೆ ಬೀಗ, ಅವರ ಸಂಬಂಧಿಕರಲ್ಲೂ ಎಲ್ಲೋ ಮದುವೆ. ರೆಡಿಮೇಡ್ ಅಂಗಿ ತಂದುಬಿಡಿ ಎಂದೆ. ನಾನು ವಿಷ ತಂದುಬಿಡಿ ಎಂದಿದ್ದರೂ ಅವರು ಅಷ್ಟು ಬೆಚ್ಚುತ್ತಿರಲಿಲ್ಲ.

"ಮಗಳ ಮದುವೆಗೆ ಟೇಪು ಮಾಸ್ತರ್ ರೆಡಿಮೇಡ್ ಹಾಕ್ಕೊಂಡು ಬಂದ ಅಂತ ನನ್ನ ಹೆಣದ ಮುಂದೆಯೂ ಆಡ್ಕೊಳ್ತಾರೆ."

"ಹಳೇ ಬಿಳಿ ಅಂಗಿ?"

"ಕಾಲರ್ ಹಳದಿ ಆಗಿದೆ. ನಾಳೆ ಎಲ್ಲರ ಕಣ್ಣೂ ನನ್ನ ಕಾಲರ್ ಮೇಲೇ." ಆಮೇಲೆ ದನಿ ತಗ್ಗಿಸಿ ಹೇಳಿದರು: "ವೇಸ್ಟ್‌ಕೋಟ್ ಹಾಕಿದ್ಮೇಲೆ ಅಂಗಿಲಿ ಕಾಣೋದೇನು ಹೇಳು. ಕಾಲರ್. ತೋಳು. ಎದೆ ಮೇಲೆ ಒಂದು ಗೇಣು. ಉಳಿದಿದ್ದು ಹಾಕ್ಕೊಂಡವನಿಗೂ ದೇವರಿಗೂ ಬಿಟ್ಟಿದ್ದು."

ಹೀಗೆಂದು ಕತ್ತರಿಸುವ ಮೇಜಿನ ಕೆಳಗೆ ನುಗ್ಗಿ, ಹಳೆಯ ದಿಂಬಿನ ಚೀಲವೊಂದನ್ನು ಎಳೆದರು. ಹದಿನೆಂಟು ವರ್ಷ ನಾನು ಕಾಲು ಚಾಚಿ ಇಟ್ಟುಕೊಳ್ಳುತ್ತಿದ್ದದ್ದು ಅದರ ಮೇಲೇ. ದಿಂಬು ಎಂದೇ ತಿಳಿದಿದ್ದೆ. ಬಾಯಿ ಬಿಚ್ಚಿದಾಗ ಊರಿಗೆ ಊರೇ ಹೊರಬಂತು. ಡಾಕ್ಟರ ತೆಳು ಹಳದಿ, ಬ್ಯಾಂಕಿನವರ ಚೌಕಳಿ, ಔಷಧಿ ಅಂಗಡಿಯವರ ಗುಲಾಬಿ, ಹೆಡ್‌ಮಾಸ್ಟರರ ನೀಲಿ ಗೆರೆ. ಅಂಗೈ ಅಗಲದ ಚೂರುಗಳಲ್ಲ, ಮೊಳಗಟ್ಟಲೆ.

"ಭಾವ, ಗೋಡೆ ಮೇಲೆ ಬರೆದಿರೋದು ಏನು?"

"ಹಿಂದಿರುಗಿಸಲಾಗುವುದು ಅಂತ ಬರೆದಿದೆ. ಯಾವಾಗ ಅಂತ ಬರೆದಿದ್ಯಾ?"

ಆ ಅಂಗಿಯನ್ನು ಅವರು ಒಂದೂವರೆ ಗಂಟೆಯಲ್ಲಿ ಹೊಲಿದರು. ಹಾಳಾದವರ ಕೈಯಲ್ಲಿ ಎಂಥ ಕಸುಬು! ಬಲಗಡೆ ಮುಂಭಾಗ ಹೆಡ್‌ಮಾಸ್ಟರರ ನೀಲಿ ಗೆರೆ, ಎಡಗಡೆ ಡಾಕ್ಟರ ಹಳದಿ, ಬೆನ್ನು ಮೇಲರ್ಧ ಚೌಕಳಿ, ಕೆಳಗರ್ಧ ಗುಲಾಬಿ. ಮೇಲೆ ವೇಸ್ಟ್‌ಕೋಟ್ ತೊಟ್ಟು ನಾಲ್ಕು ಗುಂಡಿ ಹಾಕಿ ನಿಂತರೆ ಬೆಳ್ಳಗಿನ ಕಾಲರು, ಗರಿಗರಿ ತೋಳು, ಮಂತ್ರಿಯ ಕಳೆ. ಮೇಲೆ ಥಳಕು, ಒಳಗೆ ಹುಳುಕು. ಕಾಜಾ ಹಾಕಿದವಳು ನಾನು. ಹಾಗಾಗಿ ಪಾಪದಲ್ಲಿ ಆರು ತೂತು ನನ್ನವು.

ಮದುವೆ ಬೆಳಿಗ್ಗೆ ಚೆನ್ನಾಗಿಯೇ ಆಯಿತು. ಎಡವಟ್ಟು ಶುರುವಾದದ್ದು ಊಟದ ಹಾಲ್‌ನಲ್ಲಿ. ಅಡುಗೆ ಗುತ್ತಿಗೆಯವರು ಬಡಿಸಲು ಕಳಿಸಿದ್ದ ಹದಿನೈದು ಜನ ಅಡುಗೆಮನೆಯ ಬಾಗಿಲಿನಿಂದ ಸಾಲಾಗಿ ಹೊರಬಂದರು. ಬಿಳಿ ಅಂಗಿ, ತುಂಬು ತೋಳು, ಮೇಲೆ ಬೂದು ವೇಸ್ಟ್‌ಕೋಟ್.

ನಾನು ಭಾವನ ಕಡೆ ತಿರುಗಿದೆ. ಭಾವ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ಹೊಲಿಗೆ ಚೆನ್ನಾಗಿದೆ" ಎಂದರು.

"ನೀವೇ ಹೊಲಿದದ್ದು ಭಾವ. ಎರಡು ವರ್ಷದ ಹಿಂದೆ. ಎಪ್ಪತ್ತೈದು ಕಾಜಾ ಹಾಕಿದ್ದೀನಿ, ನನಗೆ ನೆನಪಿದೆ."

"ಹೌದಲ್ವಾ. ಆದ್ರೆ ಅದು ಒರಟು ನೇಯ್ಗೆ ಕಣೇ. ನಮ್ಮದು ನಯ. ಎಲ್ಲಿಂದೆಲ್ಲಿಗೆ ಹೋಲಿಕೆ."

ದರ್ಜಿಯ ಕಣ್ಣಿಗೆ ನೇಯ್ಗೆ ಕಾಣುತ್ತದೆ. ಊಟಕ್ಕೆ ಬಂದವರ ಕಣ್ಣಿಗೆ ಬಣ್ಣ ಕಾಣುತ್ತದೆ. ಹತ್ತು ನಿಮಿಷದೊಳಗೆ ಯಾರೋ ಹೆಂಗಸು ಹುಡುಗನ ಅಣ್ಣನ ಕೈಗೆ ಎಂಜಲು ತಟ್ಟೆ ಕೊಟ್ಟರು. ಬೀರುವಿನಂಥ ಸೋದರಮಾವನನ್ನು ತಡೆದು ನಿಲ್ಲಿಸಿದ ಮುದುಕರೊಬ್ಬರು, "ಆಗಿನಿಂದ ನೀರು ಕೇಳ್ತಿದ್ದೀನಿ, ನಿನಗೆ ಮಾತ್ರ ಚೆನ್ನಾಗಿ ತಿಂದು ಗೊತ್ತು" ಎಂದು ಗದರಿದರು. ಸೋದರಮಾವ ಪಾಪ ಹೋಗಿ ನೀರು ತಂದುಕೊಟ್ಟರು. ಅಷ್ಟರಲ್ಲಿ ನಿಜವಾದ ಬಡಿಸುವವನೊಬ್ಬನನ್ನು ನಮ್ಮ ಅಕ್ಕ ಬೀಗರ ತಮ್ಮ ಎಂದು ತಿಳಿದು, ಕೈ ಹಿಡಿದು ಕೂರಿಸಿ, ಉಪಚಾರ ಮಾಡಿ ಊಟ ಹಾಕಿಸಿದ್ದಳು. ಅವನೂ ಬೇಡ ಅನ್ನಲಿಲ್ಲ.

ಕೊನೆಗೆ ಯಾರೋ ಹೆಡ್‌ಮಾಸ್ಟರರ ಮುಂದೆ ಚಿಟಿಕೆ ಹೊಡೆದರು. "ಏಯ್, ಈ ಮೇಜು ಒರೆಸು."

ಮೂವತ್ತು ವರ್ಷ ಶಾಲೆ ನಡೆಸಿದ ಮನುಷ್ಯನಿಗೆ ಯಾರೂ ಚಿಟಿಕೆ ಹೊಡೆದಿರಲಿಲ್ಲ. ಕಿವಿ ಕೆಂಪಾಯಿತು. ಹಾಲ್ ಮಧ್ಯಕ್ಕೆ ಬಂದು ಶಾಲೆಯ ಪ್ರಾರ್ಥನೆ ಹೊತ್ತಿನ ದನಿಯಲ್ಲಿ ಹೇಳಿದರು: "ನಮ್ಮ ಮನೆಯ ಗಂಡಸರೆಲ್ಲ ಇಲ್ಲಿ ಬನ್ನಿ. ವೇಸ್ಟ್‌ಕೋಟ್ ಬಿಚ್ಚಿ ಕುರ್ಚಿಗೆ ಹಾಕಿ. ಬರೀ ಬಿಳಿ ಅಂಗಿಯಲ್ಲಿ ಇರೋಣ. ಆಗ ಯಾರಿಗೂ ಗೊಂದಲ ಇರಲ್ಲ."

ಆರು ವೇಸ್ಟ್‌ಕೋಟ್ ಆರು ಕುರ್ಚಿಗೆ ಬಿದ್ದವು. ಏಳನೆಯದು ಬಿಚ್ಚಲಿಲ್ಲ.

"ಬೀಗರೇ, ನೀವೂ."

"ನನಗೆ ಪರವಾಗಿಲ್ಲ, ಇರಲಿ."

"ನಿಮಗೇ ತಟ್ಟೆ ಕೊಡ್ತಾರ್ರೀ. ಹುಡುಗಿ ತಂದೆ ನೀವು."

"ಕೊಟ್ರೆ ತೊಳೆದಿಡ್ತೀನಿ" ಎಂದು ಭಾವ ನಗಲು ನೋಡಿದರು. ಯಾರೂ ಕೇಳದಿದ್ದರೂ ಎರಡೂ ಕೈ ಎದೆಯ ಗುಂಡಿಗಳ ಮೇಲೆ ಹೋಗಿ ಕೂತಿದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ.

"ಭಾವನಿಗೆ ಶೀತ" ಎಂದೆ ನಾನು. ಆ ಸೆಕೆಯಲ್ಲಿ ಅದಕ್ಕಿಂತ ಪೆದ್ದು ಮಾತು ಸಿಗುತ್ತಿರಲಿಲ್ಲ. ಭಾವನ ಹಣೆಯಿಂದ ಬೆವರು ನೀರಿಳಿದಂತೆ ಇಳಿಯುತ್ತಿತ್ತು.

ಹೆಡ್‌ಮಾಸ್ಟರರ ಮುಖ ಬಿಗಿಯಿತು. "ನಮ್ಮ ಮನೆಯವರೆಲ್ಲ ಬಿಚ್ಚಿದ್ದಾರೆ. ನೀವೊಬ್ಬರು ಹೀಗೆ ನಿಂತರೆ ನಾವೇನೋ ಕೀಳು ಕೆಲಸ ಮಾಡಿದ ಹಾಗಾಯ್ತು. ಮೊದಲನೇ ದಿನವೇ ನನ್ನ ಒಂದು ಮಾತು ನಡೆಸಿಕೊಡಕ್ಕಾಗಲ್ವೇನ್ರೀ?"

ವೇದಿಕೆಯ ಮೇಲಿನ ಮೇಜಿನಲ್ಲಿ ಗಂಡನ ಪಕ್ಕ ಕೂತಿದ್ದ ನಮ್ಮ ಹುಡುಗಿ ಊಟ ಬಿಟ್ಟು ಅಪ್ಪನನ್ನೇ ನೋಡುತ್ತಿದ್ದಳು. ನಾನು ಎತ್ತಿ ಆಡಿಸಿದ ಮಗು. ಅವಳ ಮುಖ ಸಣ್ಣಗಾಗಿತ್ತು. ಬಿಚ್ಚದಿದ್ದರೆ ಬೀಗರಿಗೆ ಅವಮಾನ, ಬಿಚ್ಚಿದರೆ ಇವರ ಮಾನ. ಎರಡರಲ್ಲಿ ಯಾವುದು ಹೋದರೂ ಅದನ್ನು ನಾಳೆಯಿಂದ ಆ ಮನೆಯಲ್ಲಿ ಹೊತ್ತು ತಿರುಗಬೇಕಾದವಳು ಅವಳು. ಒಂದು ಮಾತಿಗೆ ತಲೆ ತಗ್ಗಿಸಿದ ಸೊಸೆ ಎಷ್ಟು ವರ್ಷ ತಗ್ಗಿಸಬೇಕಾಗುತ್ತದೋ ಯಾರು ಬಲ್ಲರು.

ಭಾವನೂ ಅವಳನ್ನು ನೋಡಿದರು. ಅವರು ಮುಖ ನೋಡಿದ್ದನ್ನು ನಾನು ಕಂಡದ್ದು ಅಪರೂಪ. ಆಮೇಲೆ ಮೇಲಿನಿಂದ ಒಂದೊಂದೇ ಗುಂಡಿ ಬಿಚ್ಚಿದರು, ಟ್ರಯಲ್‌ಗೆ ಬಂದ ಗಿರಾಕಿಯ ಹಾಗೆ ಸಾವಧಾನವಾಗಿ. ತೋಳು ಬಿಡಿಸಿಕೊಂಡು ವೇಸ್ಟ್‌ಕೋಟನ್ನು ಏಳನೆಯ ಕುರ್ಚಿಗೆ ಹಾಕಿದರು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಯಾರೋ ಮಗು, "ಅಜ್ಜ ಎಷ್ಟು ಅಂಗಿ ಹಾಕ್ಕೊಂಡಿದಾರೆ" ಎಂದಿತು. ಎರಡನೆಯ ಸಾಲಿನಿಂದ ಡಾಕ್ಟರು ಎದ್ದು ಕನ್ನಡಕ ಸರಿಮಾಡಿಕೊಂಡರು. "ಈ ಹಳದಿ..." ಎಂದರು. ಬ್ಯಾಂಕಿನವರು ಹಿಂದಿನಿಂದ ಬಂದು ಚೌಕಳಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, "ನನ್ನದೇ" ಎಂದರು. ಔಷಧಿ ಅಂಗಡಿಯವರು ಮಾತ್ರ ಬಾಯಿಬಿಡಲಿಲ್ಲ, ಗುಲಾಬಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಅವರಿಗೇ ಸಂಕೋಚವಾಗಿರಬೇಕು.

ಹೆಡ್‌ಮಾಸ್ಟರು ನೀಲಿ ಗೆರೆಯನ್ನು ಬಹಳ ಹೊತ್ತು ನೋಡಿದರು.

"ಇದು ನನ್ನ ಬಟ್ಟೆ. ತುಂಬು ತೋಳು ಮಾಡಿ ಅಂದ್ರೆ ಸಾಲಲ್ಲ ಅಂದಿದ್ರಿ. ಸಾಲ್ತಿತ್ತಾ?"

"ಸಾಲ್ತಿತ್ತು" ಎಂದರು ಭಾವ.

"ಮತ್ತೆ?"

"ಇಟ್ಕೊಂಡೆ. ಎಲ್ಲರದ್ದೂ ಇಟ್ಕೊಂಡಿದ್ದೀನಿ. ಗೋಡೆ ಮೇಲೆ ಬರೆದದ್ದು ಸುಳ್ಳು." ಬೆಂಚಿನ ಮೇಲೆ ನಿಂತ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದರು. "ನನ್ನನ್ನ ಏನು ಬೇಕಾದ್ರೂ ಅನ್ನಿ ಬೀಗರೇ. ನನ್ನ ಕತ್ತರಿ ಮಾಡಿದ್ದಕ್ಕೆ ಅವಳನ್ನ ಅಳೀಬೇಡಿ. ಅವಳಿಗೆ ಇದು ಗೊತ್ತಿಲ್ಲ. ಅವಳು ಚಿಕ್ಕಂದಿನಿಂದ ಬಿದ್ದ ಗುಂಡಿ ಸಿಕ್ಕಿದ್ರೂ ಯಾರದ್ದು ಅಂತ ಕೇಳಿ ಕೊಟ್ಟವಳು."

ಹದಿನೆಂಟು ವರ್ಷದಲ್ಲಿ ಈ ಮನುಷ್ಯ ನೆಟ್ಟಗೆ ಒಂದು ನಿಜ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಬುಧವಾರ ಕೊಡ್ತೀನಿ ಅಂದರೆ ಶನಿವಾರ. ಅವತ್ತು ಅವರನ್ನು ಹೊಡೆಯಬೇಕು ಅನ್ನಿಸಿತು, ತಬ್ಬಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಅಕ್ಕ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಆಮೇಲೆ ವಾರದವರೆಗೆ ಕಲೆ ಇತ್ತು.

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. ಉಪದೇಶ ಬರುತ್ತಿದೆ ಎಂದು ಇಡೀ ಹಾಲ್‌ಗೆ ಗೊತ್ತಾಯಿತು. ಅವರ ಹಳೆಯ ವಿದ್ಯಾರ್ಥಿಗಳು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಪ್ರಾಮಾಣಿಕತೆ ಅನ್ನೋದು..." ಎಂದು ಅವರು ಶುರುಮಾಡಿದರು.

"ಸೀಮೆಸುಣ್ಣ" ಎಂದರು ಅವರ ಹೆಂಡತಿ.

ಆ ಹೆಂಗಸು ಬೆಳಿಗ್ಗೆಯಿಂದ ನಾಲ್ಕು ಮಾತು ಆಡಿರಲಿಲ್ಲ. ಐಸ್‌ಕ್ರೀಂ ತಿನ್ನುತ್ತಾ ಕೂತಿದ್ದರು, ಈಗಲೂ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಏನು?" ಎಂದರು ಹೆಡ್‌ಮಾಸ್ಟರು.

"ಶಾಲೆ ಸೀಮೆಸುಣ್ಣ ಅಂದೆ. ಮೂವತ್ತು ವರ್ಷದಿಂದ ಜೇಬಲ್ಲಿ ಬರ್ತಾ ಇದೆ. ನಮ್ಮನೆ ಹಾಲಿನ ಲೆಕ್ಕ, ಅಗಸರ ಲೆಕ್ಕ, ಮಕ್ಕಳ ಮಗ್ಗಿ, ಎಲ್ಲಾ ಅದರಲ್ಲೇ ಬರೆದಿದ್ದು. ಅಟ್ಟದ ಮೇಲೆ ಇನ್ನೂ ಎರಡು ಡಬ್ಬ ಇದೆ. ಸೊಸೆ ಬಂದ ಮೇಲೆ ತೋರಿಸ್ತೀನಿ, ಮುಗಿಸೋಕೆ ಒಬ್ಬರ ಕೈಲಿ ಆಗಲ್ಲ."

"ಅದು ಚೂರುಗಳು" ಎಂದರು ಹೆಡ್‌ಮಾಸ್ಟರು.

"ಇದೂ ಚೂರುಗಳೇ" ಎಂದು ಭಾವ ಬಹಳ ಗೌರವದಿಂದ ತಮ್ಮ ಹೊಟ್ಟೆ ತೋರಿಸಿದರು.

ಮೊದಲು ನಕ್ಕವಳು ನಮ್ಮ ಹುಡುಗಿ. ಮದುಮಗಳು ಹಾಗೆ ನಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೇಜಿನ ಮೇಲೆ ತಲೆಯಿಟ್ಟು, ಭುಜ ಕುಣಿಸಿಕೊಂಡು ನಕ್ಕಳು. ಆ ನಗುವಿಗೆ ಅವಳ ಗಂಡ ನಕ್ಕ, ಡಾಕ್ಟರು ನಕ್ಕರು, ನೀರು ಕೇಳಿದ್ದ ಮುದುಕರು ಏನಾಯಿತೆಂದು ಗೊತ್ತಿಲ್ಲದೆಯೇ ನಕ್ಕರು. ಹೆಡ್‌ಮಾಸ್ಟರು ಮಾತ್ರ ಗಂಭೀರವಾಗಿ ಭಾವನ ಭುಜ ಹಿಡಿದು ತಮ್ಮ ಪಕ್ಕದ ಕುರ್ಚಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಅಲ್ಲಿಂದ ಮುಂದೆ ಭಾವನ ಕೈಗೆ ಯಾರೂ ಎಂಜಲು ತಟ್ಟೆ ಕೊಡಲಿಲ್ಲ. ಅಂಥ ಅಂಗಿಯವನನ್ನು ಬಡಿಸುವವನೆಂದು ಯಾರು ತಾನೇ ತಿಳಿದಾರು.

ಐಸ್‌ಕ್ರೀಂ ಮುಗಿಸಿದ ಬೀಗಿತ್ತಿ ಎದ್ದು, ನಗುತ್ತಲೇ ಇದ್ದ ಸೊಸೆಯ ಹತ್ತಿರ ಹೋದರು. ಅವಳು ತಟ್ಟನೆ ನಗು ನಿಲ್ಲಿಸಿ, ಕಣ್ಣೊರೆಸಿಕೊಂಡು ಎದ್ದು ನಿಂತಳು. "ಕೂತ್ಕೋ ಮಗಳೇ" ಎಂದು ಅವರು ಅವಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡರು. "ನಗು. ಆ ಮನೇಲಿ ಅವರೆದುರಿಗೆ ನಗೋಕೆ ಒಬ್ಬರು ಜೊತೆ ಬೇಕು ಅಂತ ಎಷ್ಟು ವರ್ಷದಿಂದ ಕಾಯ್ತಿದ್ದೆ."